ವ್ಯಾಪಾರ ಮುರಿದ ಮೇಲೂ ಬ್ರೋಕರ್ ಕಮಿಷನ್ ಕೇಳಿದರೆ ಉತ್ತರ ಬರೆಯುವುದು ಹೇಗೆ

ಬೆಲೆ ಕುದುರಿತ್ತು, ಟೋಕನ್ ಹಣ ಸಂದಾಯವಾಗಿತ್ತು, ಕ್ರಯದ ಕರಾರಿನ ಕರಡು ಎರಡೂ ಕಡೆಯವರ ಕೈಸೇರಿತ್ತು. ಸಹಿಯೊಂದೇ ಬಾಕಿ. ಅಷ್ಟರಲ್ಲಿ ಆ ಮನೆಯ ನಾಲ್ವರು ವಾರಸುದಾರರ ಪೈಕಿ ಒಬ್ಬರು ಮಾರಾಟಕ್ಕೆ ಒಪ್ಪಿಯೇ ಇಲ್ಲವೆಂಬುದು ವಕೀಲರ ಪರಿಶೀಲನೆಯಲ್ಲಿ ಹೊರಬಿತ್ತು. ಮನೆ ಕೊಳ್ಳಲು ಹೊರಟಿದ್ದ ನನ್ನ ಸಹೋದ್ಯೋಗಿ ಹಿಂದೆ ಸರಿದರು, ಮಾಲೀಕರು ಟೋಕನ್ ಹಣವನ್ನು ವಾಪಸು ಕಳುಹಿಸಿದರು. ಎಲ್ಲವೂ ಮುಗಿಯಿತು ಎಂದುಕೊಂಡಿದ್ದಾಗ ಬ್ರೋಕರ್ ಕಡೆಯಿಂದ ಸಂದೇಶ ಬಂತು: “ಮೇಡಂ, ಪಾರ್ಟಿ ತೋರಿಸಿದ್ದು ನಾನು, ಬೆಲೆ ಇಳಿಸಿದ್ದು ನಾನು, ಟೋಕನ್ ಕೊಡಿಸಿದ್ದು ನಾನು. ನನ್ನ ಕೆಲಸ ಮುಗಿದಿದೆ. ಎರಡು ಪರ್ಸೆಂಟ್ ಈ ವಾರವೇ ಕೊಡಬೇಕು.”

ನನ್ನ ಸಹೋದ್ಯೋಗಿ ಆ ರಾತ್ರಿಯೇ ಉತ್ತರಿಸಿಬಿಟ್ಟರು: “ನಿಮ್ಮ ಶ್ರಮ ಗೊತ್ತು ಸರ್. ನಿಮಗೆ ಕೊಡಬೇಕಾದ್ದನ್ನು ಖಂಡಿತ ನೋಡೋಣ, ಸ್ವಲ್ಪ ಸಮಯ ಕೊಡಿ.” ಒಳ್ಳೆಯ ಮನಸ್ಸಿನಿಂದ ಬರೆದ ಮಾತು. ಆದರೆ “ಕೊಡಬೇಕಾದ್ದು” ಎಂಬ ಪದ ಇಡೀ ವಿವಾದವನ್ನು ಬ್ರೋಕರ್ ಕಡೆಗೆ ವಾಲಿಸುವಂಥದ್ದು. ಕೊಡಬೇಕಾದ್ದು ಇದೆ ಎಂದು ಒಪ್ಪಿಕೊಂಡ ಮೇಲೆ ಉಳಿಯುವ ಪ್ರಶ್ನೆ ಎಷ್ಟು ಮತ್ತು ಯಾವಾಗ ಎಂಬುದಷ್ಟೇ. ಇಂಥ ಬೇಡಿಕೆ ಬಂದಾಗ ಮೊದಲ ದಿನ ಬರೆಯಬೇಕಾದ್ದು ಒಂದೇ ಸಾಲು: “ನಿಮ್ಮ ಸಂದೇಶ ತಲುಪಿದೆ. ದಾಖಲೆಗಳನ್ನು ನೋಡಿಕೊಂಡು ಲಿಖಿತವಾಗಿ ಉತ್ತರಿಸುತ್ತೇನೆ.” ಕರೆ ಬಂದರೂ ಇಷ್ಟನ್ನೇ ಹೇಳಿ ಇಟ್ಟುಬಿಡಬಹುದು.

ಕರಾರುಗಳು ಎರಡು

ಈ ಜಗಳದಲ್ಲಿ ಬಹುತೇಕರು ಎಡವುವುದು ಒಂದೇ ಕಡೆ. “ನಾನು ಯಾವ ಅಗ್ರಿಮೆಂಟ್‌ಗೂ ಸಹಿ ಹಾಕಿಲ್ಲ, ಆದ್ದರಿಂದ ಒಂದು ಪೈಸೆಯನ್ನೂ ಕೊಡುವುದಿಲ್ಲ” ಎಂದು ಬರೆದು ಗೆದ್ದೆವೆಂದುಕೊಳ್ಳುತ್ತಾರೆ. ಸಹಿ ಬೀಳದೆ ಉಳಿದದ್ದು ಕೊಳ್ಳುವವರಿಗೂ ಮಾರುವವರಿಗೂ ನಡುವಿನ ಕ್ರಯದ ಕರಾರು. ಬ್ರೋಕರ್ ಕಮಿಷನ್ನಿಗೆ ಆಧಾರವಾದದ್ದು ಬೇರೆಯೇ ಒಪ್ಪಂದ, ಅದು ನಿಮಗೂ ಅವರಿಗೂ ನಡುವಿನದು. ಅದು ಬಾಯಿಮಾತಿನಲ್ಲೂ ಆಗಬಹುದು, ಮೊಬೈಲಿನ ನಾಲ್ಕು ಸಂದೇಶಗಳಲ್ಲೂ ಆಗಬಹುದು. “ಎರಡು ಪರ್ಸೆಂಟ್ ಆಗುತ್ತದೆ ಮೇಡಂ” ಎಂದು ಅವರು ಬರೆದು, ನೀವು “ಸರಿ” ಎಂದಿದ್ದರೆ ಒಪ್ಪಂದ ಆಗಿದೆ ಎಂದೇ ಲೆಕ್ಕ. ಅದನ್ನು ಇಲ್ಲವೆನ್ನಲು ಹೊರಟರೆ ಬ್ರೋಕರ್ ಆ ಸಂದೇಶದ ಚಿತ್ರ ತೆಗೆದು ತೋರಿಸುತ್ತಾರೆ, ಆ ಕ್ಷಣದಿಂದ ನಿಮ್ಮ ಉಳಿದ ಮಾತುಗಳಿಗೂ ಬೆಲೆ ಇಳಿಯುತ್ತದೆ.

ಅವರು ಕೆಲಸವನ್ನೇ ಮಾಡಲಿಲ್ಲ ಎಂಬ ವಾದವೂ ಬೇಡ. ಮನೆ ತೋರಿಸಿದ್ದಾರೆ, ಮಾಲೀಕರ ಜೊತೆ ಕೂರಿಸಿದ್ದಾರೆ, ಬಿಸಿಲಿನಲ್ಲಿ ಓಡಾಡಿದ್ದಾರೆ. ನಿಜವನ್ನು ನಿರಾಕರಿಸಿದರೆ ಅವರ ಸಿಟ್ಟಿಗೆ ನ್ಯಾಯವಾದ ಕಾರಣವನ್ನು ನೀವೇ ಒದಗಿಸಿದಂತೆ. ಗಟ್ಟಿಯಾದ ನಿಲುವು ಇದಕ್ಕಿಂತ ಸಣ್ಣದು, ಆದ್ದರಿಂದಲೇ ಅದನ್ನು ಅಲುಗಾಡಿಸುವುದು ಕಷ್ಟ: ಒಪ್ಪಂದ ಇತ್ತು, ಕೆಲಸವೂ ನಡೆಯಿತು, ಆದರೆ ಕಮಿಷನ್ ಯಾವ ಘಟನೆಗೆ ಕಟ್ಟಿಕೊಂಡಿತ್ತೋ ಆ ಘಟನೆ ನಡೆಯಲಿಲ್ಲ.

ದಲ್ಲಾಳಿಯ ಕಮಿಷನ್ ದಿನಗೂಲಿಯಂಥದ್ದಲ್ಲ. ಬೇರೆ ರೀತಿ ಮಾತಾಗಿರದಿದ್ದರೆ ಅದು ಫಲಕ್ಕೆ ಕೊಡುವ ಹಣ. ಹತ್ತು ಮನೆ ತೋರಿಸಿ ಒಂದು ಕುದುರಿದಾಗ ಸಿಗುವ ಎರಡು ಪರ್ಸೆಂಟಿನಲ್ಲೇ ಉಳಿದ ಒಂಬತ್ತರ ಓಡಾಟದ ಬೆಲೆಯೂ ಸೇರಿರುತ್ತದೆ. ಶ್ರಮಕ್ಕೆ ಹೋಲಿಸಿದರೆ ಆ ಮೊತ್ತ ದೊಡ್ಡದಾಗಿ ಕಾಣುವುದೂ ಇದೇ ಕಾರಣಕ್ಕೆ. ಭಾರತದ ಕರಾರು ಕಾಯ್ದೆ, 1872ರ 219ನೆಯ ಸೆಕ್ಷನ್ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳುತ್ತದೆ: ವಿಶೇಷ ಒಪ್ಪಂದ ಇಲ್ಲದಿದ್ದಲ್ಲಿ, ಒಂದು ಕಾರ್ಯಕ್ಕಾಗಿ ಏಜೆಂಟನಿಗೆ ಸಲ್ಲಬೇಕಾದ ಹಣ ಆ ಕಾರ್ಯ ಪೂರ್ತಿಯಾಗುವ ತನಕ ಬಾಕಿಯಾಗುವುದಿಲ್ಲ. ಹಾಗಾದರೆ “ಆ ಕಾರ್ಯ” ಯಾವುದು? ಜಗಳವೆಲ್ಲ ಈ ಎರಡು ಪದಗಳ ಮೇಲೆಯೇ ನಿಂತಿದೆ.

ಯಾವ ಘಟನೆಗೆ ಕಮಿಷನ್

ಇದನ್ನು ತಿಳಿಯಲು ಎರಡು ಹಳೆಯ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಲಕ್ಸರ್ ಪ್ರಕರಣದಲ್ಲಿ ಕೆಲವು ಸಿನಿಮಾ ಮಂದಿರಗಳ ಮಾರಾಟ ಕುದುರಿಸುವ ದಲ್ಲಾಳಿಗೆ 10,000 ಪೌಂಡ್ ಕೊಡುವ ಮಾತಾಗಿತ್ತು, ಆದರೆ ಮಾರಾಟ ಪೂರ್ಣಗೊಂಡ ಮೇಲೆ. ದಲ್ಲಾಳಿ ಖರೀದಿದಾರರನ್ನು ತಂದರು, ಮಾಲೀಕರು ಕೊನೆಗೆ ಮಾರಲಿಲ್ಲ. ಕಮಿಷನ್ ಸಿಗಲಿಲ್ಲ. ವ್ಯಾಪಾರವನ್ನು ಮುಗಿಸಿಯೇ ತೀರಬೇಕೆಂಬ ಹೊಣೆಯನ್ನು ಮಾಲೀಕರು ಹೊತ್ತಿರಲಿಲ್ಲ, ಹೇಳದೆ ಉಳಿದ ಅಂಥ ಷರತ್ತನ್ನು ಒಪ್ಪಂದದೊಳಗೆ ತುಂಬಲಾಗದು ಎಂದಿತು ಆ ಪೀಠ.

1950ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಅಬ್ದುಲ್ಲಾ ಅಹ್ಮದ್ ಪ್ರಕರಣದಲ್ಲಿ ಫಲಿತಾಂಶ ತಿರುವುಮುರುವು. ಅಲ್ಲಿ ಮಾಲೀಕರು ಬರೆದುಕೊಟ್ಟ ಪತ್ರದಲ್ಲಿ ಖರೀದಿದಾರರನ್ನು ಒದಗಿಸಿಕೊಡುವುದಕ್ಕೇ ಕಮಿಷನ್ ಎಂದಿತ್ತು. ಕೇಳಿದ ಬೆಲೆಗೆ ಒಪ್ಪಿದವರನ್ನು ದಲ್ಲಾಳಿ ತಂದು ನಿಲ್ಲಿಸಿದ್ದರು. ಮುಂದೆ ಮಾಲೀಕರು ದಲ್ಲಾಳಿಯನ್ನು ಬದಿಗಿಟ್ಟರೂ ಕಮಿಷನ್ ಸಲ್ಲುತ್ತದೆಂದು ನ್ಯಾಯಾಲಯ ಹೇಳಿತು. ಎರಡೂ ಕಡೆ ದಲ್ಲಾಳಿಗಳ ಓಡಾಟ ಹೆಚ್ಚುಕಡಿಮೆ ಒಂದೇ. ಬೇರೆಯಾದದ್ದು ಮಾತು ಹೇಗೆ ಆಗಿತ್ತು ಎಂಬುದು.

ಈಗ ನಿಮ್ಮ ಮೊಬೈಲನ್ನು ತೆಗೆದು ಬ್ರೋಕರ್ ಜೊತೆಗಿನ ಮೊದಲ ಸಂದೇಶಕ್ಕೆ ಹೋಗಿ. ಬೇಡಿಕೆ ಬಂದ ದಿನದಿಂದ ಹಿಂದಕ್ಕೆ ಓದುತ್ತಾ ಹೋಗಬೇಡಿ, ಜಗಳದ ಬಿಸಿಯಲ್ಲಿ ಹಳೆಯ ಮಾತು ಕಣ್ಣಿಗೆ ಬೀಳುವುದಿಲ್ಲ. ಮೊದಲಿನಿಂದ ಓದಿ. “ಕಮಿಷನ್”, “ಪರ್ಸೆಂಟ್”, “ಬ್ರೋಕರೇಜ್”, “ರಿಜಿಸ್ಟ್ರೇಷನ್” ಎಂಬ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ. ಧ್ವನಿ ಸಂದೇಶಗಳನ್ನು ಬಿಡಬೇಡಿ, ಹಣದ ಮಾತನ್ನು ಟೈಪು ಮಾಡುವುದಕ್ಕಿಂತ ಬಾಯಲ್ಲಿ ಹೇಳಿ ಕಳುಹಿಸುವ ಬ್ರೋಕರ್‌ಗಳೇ ಹೆಚ್ಚು. ಅವರು ಕೊಟ್ಟ ಜಾಹೀರಾತು, ರಸೀತಿ, ವಿಸಿಟಿಂಗ್ ಕಾರ್ಡಿನ ಹಿಂಬದಿಯ ಸಾಲು ಕೂಡ ಲೆಕ್ಕಕ್ಕೆ ಬರುತ್ತದೆ. ಮೊದಲ ಮನೆ ನೋಡಲು ಹೋದ ದಿನ “ಬಂದಿದ್ದಕ್ಕೆ ಒಂದು ಸಹಿ” ಎಂದು ಯಾವುದಾದರೂ ಪುಸ್ತಕದಲ್ಲಿ ಬರೆಸಿಕೊಂಡಿದ್ದರೆ ಅದರಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಿ. ಅದರ ಪ್ರತಿಯನ್ನು ಕೇಳಿ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು.

ನನ್ನ ಸಹೋದ್ಯೋಗಿಗೆ ಸಿಕ್ಕಿದ್ದು ಬ್ರೋಕರ್ ಅವರದೇ ಧ್ವನಿ, ಪರಿಚಯವಾದ ಎರಡನೆಯ ದಿನದ್ದು: “ನನ್ನದು ಎರಡು ಪರ್ಸೆಂಟ್ ಮೇಡಂ. ಈಗ ಏನೂ ಬೇಡ. ರಿಜಿಸ್ಟ್ರೇಷನ್ ದಿನ ಕೊಟ್ಟರೆ ಸಾಕು.” ಅದರ ಕೆಳಗೆ ಇವರ “ಆಗಲಿ ಸರ್”. ಇದಕ್ಕಿಂತ ಒಳ್ಳೆಯ ದಾಖಲೆಯನ್ನು ಯಾರೂ ಬಯಸಲಾರರು. ಇದು ಹಣ ಕೊಡುವ ದಿನವನ್ನಷ್ಟೇ ಹೇಳುತ್ತದೆ, ಹಣ ಬಾಕಿಯಾಗುವ ಘಟನೆಯನ್ನಲ್ಲ ಎಂದು ಜಾಣ ಬ್ರೋಕರ್ ವಾದಿಸಬಹುದು. ವಾದಕ್ಕೆ ಸರಿಯೇ. ಆದರೆ ನೋಂದಣಿಯೇ ಆಗದ ವ್ಯಾಪಾರದಲ್ಲಿ ಆ ದಿನ ಬರುವುದೇ ಇಲ್ಲ, ಬೇರೆ ದಿನದ ಮಾತೂ ಆಗಿಲ್ಲ.

ಸಿಕ್ಕ ಮಾತು ಬೇರೆ ಥರದ್ದಾಗಿದ್ದರೆ ನಿಮ್ಮ ಉತ್ತರವೂ ಬೇರೆಯಾಗಬೇಕು. “ಅಗ್ರಿಮೆಂಟ್ ದಿನ ಅರ್ಧ, ರಿಜಿಸ್ಟ್ರೇಷನ್ ದಿನ ಅರ್ಧ” ಎಂದಿದ್ದರೂ ತೊಂದರೆಯಿಲ್ಲ, ಕರಾರಿಗೆ ಸಹಿಯೇ ಬಿದ್ದಿಲ್ಲವಲ್ಲ. “ಟೋಕನ್ ಆದ ಕೂಡಲೇ ಕೊಡಬೇಕು” ಎಂದಿದ್ದು ನೀವು ಒಪ್ಪಿದ್ದರೆ, ಅಥವಾ ನೀವು ಮಾರುವವರಾಗಿದ್ದು “ನಾನು ಹೇಳಿದ ಬೆಲೆಗೆ ಪಾರ್ಟಿ ತಂದುಕೊಡಿ, ನಿಮ್ಮದನ್ನು ಕೊಡುತ್ತೇನೆ” ಎಂದು ಬರೆದಿದ್ದರೆ, ಬ್ರೋಕರ್ ಕೇಳುವುದರಲ್ಲಿ ಹುರುಳಿದೆ. ಆಗ ಮುಂದೆ ಕೊಡುವ ಮಾದರಿಯನ್ನು ನಕಲು ಮಾಡಬೇಡಿ, ಕಾಗದಗಳನ್ನು ವಕೀಲರಿಗೆ ತೋರಿಸಿ. ಹಣ ಯಾವಾಗ ಎಂಬ ಮಾತೇ ಎಲ್ಲೂ ಇಲ್ಲವೆಂದಾದರೆ ಮೇಲೆ ಹೇಳಿದ ಸಾಮಾನ್ಯ ನಿಯಮ ನಿಮ್ಮ ಕಡೆಗಿದೆ.

ಮುರಿದದ್ದು ಏಕೆ

ವ್ಯಾಪಾರ ಮುರಿದ ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ, ದಿನಾಂಕದ ಸಮೇತ ಬರೆದಿಟ್ಟುಕೊಳ್ಳಿ. ಮಾರಾಟ ಪೂರ್ತಿಯಾದ ಮೇಲೆ ಕಮಿಷನ್ ಎಂಬ ಮಾತಿದ್ದಾಗ ಕಾರಣ ಯಾವುದಾದರೂ ಫಲಿತಾಂಶ ಬದಲಾಗಲಿಕ್ಕಿಲ್ಲ. ಆದರೂ ಕಾರಣ ಮುಖ್ಯ, ಏಕೆಂದರೆ ಬ್ರೋಕರ್ ಮನಸ್ಸಿನಲ್ಲಿ ಕೊರೆಯುತ್ತಿರುವುದು ಬಹುಶಃ ಬೇರೆಯದೇ ಅನುಮಾನ: ನನ್ನನ್ನು ಬಿಟ್ಟು ಇವರಿಬ್ಬರೇ ಹಿಂಬಾಗಿಲಲ್ಲಿ ವ್ಯಾಪಾರ ಮುಗಿಸುತ್ತಾರೆ. ಅವರ ಕಸುಬಿನಲ್ಲಿ ಹೀಗಾಗುವುದು ಅಪರೂಪವಲ್ಲ, ಅನುಮಾನವನ್ನು ದೂರಲಾಗದು.

ಹಾಗೆ ಮಾಡುವ ಯೋಚನೆ ನಿಮಗಿದ್ದರೆ ಈ ಲೇಖನದ ಯಾವ ಸಾಲೂ ನಿಮ್ಮನ್ನು ಕಾಪಾಡುವುದಿಲ್ಲ. ಬ್ರೋಕರ್ ಪರಿಚಯಿಸಿದ ಅದೇ ಆಸ್ತಿಯನ್ನು, ಅದೇ ಮಾಲೀಕರಿಂದ, ನಾಲ್ಕು ತಿಂಗಳು ಬಿಟ್ಟು, ಮಡದಿಯ ಹೆಸರಿನಲ್ಲೋ ಭಾವಮೈದುನನ ಹೆಸರಿನಲ್ಲೋ ಕೊಂಡರೆ ವ್ಯಾಪಾರ ಕುದುರಲು ಕಾರಣ ಬ್ರೋಕರ್ ಅವರೇ ಎಂದು ತೋರಿಸುವುದು ಕಷ್ಟವಲ್ಲ. ಲಕ್ಸರ್ ಪ್ರಕರಣದ ಮಾಲೀಕರು ದಲ್ಲಾಳಿ ತಂದ ಖರೀದಿದಾರರಿಗೆ ಮಾರಲೇ ಇಲ್ಲ. ಮಾರಾಟ ಮುಗಿಸಿ ದಲ್ಲಾಳಿಯನ್ನು ಮಾತ್ರ ಕೈಬಿಡುವುದು ಬೇರೆ ಮಾತು. ನಿಮ್ಮ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲದಿದ್ದರೆ ಅದನ್ನು ಪತ್ರದಲ್ಲೇ ಹೇಳಿಬಿಡಿ. ಬ್ರೋಕರ್ ಸಿಟ್ಟನ್ನು ಅರ್ಧಕ್ಕೆ ಇಳಿಸುವ ವಾಕ್ಯ ಅದು.

ಕಾರಣಕ್ಕೆ ಬೇಕಾದ ಆಧಾರವನ್ನೂ ಜೊತೆಗಿಟ್ಟುಕೊಳ್ಳಿ: ವಕೀಲರ ಅಭಿಪ್ರಾಯ ಪತ್ರ, ಮಾಲೀಕರಿಗೆ ನೀವು ಕಳುಹಿಸಿದ “ಮುಂದುವರಿಯುವುದಿಲ್ಲ” ಎಂಬ ಸಂದೇಶ, ಟೋಕನ್ ಹಣ ಹಿಂದಿರುಗಿದ್ದನ್ನು ತೋರಿಸುವ ಬ್ಯಾಂಕ್ ವಿವರ. ಈ ಮೂರನೆಯದು ಚೊಕ್ಕ ಸಾಕ್ಷಿ. ಟೋಕನ್ ಹಣ ಇನ್ನೂ ಮಾಲೀಕರ ಬಳಿಯೇ ಇದ್ದರೆ ವ್ಯಾಪಾರ ಇನ್ನೂ ಜೀವಂತವಿದೆ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಅದನ್ನು ವಾಪಸು ಪಡೆದ ಮೇಲೆ ಬ್ರೋಕರ್‌ಗೆ ಉತ್ತರಿಸುವುದು ಸಲೀಸು. ಅದು ಬ್ರೋಕರ್ ಕೈಯಲ್ಲೇ ಉಳಿದುಕೊಂಡಿದ್ದರೆ, ಕಮಿಷನ್ನಿಗೆ ಮುರಿದುಕೊಳ್ಳಲು ಒಪ್ಪಿಗೆಯಿಲ್ಲವೆಂದು ಅದೇ ಪತ್ರದಲ್ಲಿ ತಿಳಿಸಿ ವಾಪಸು ಕೇಳಬೇಕು.

ಪತ್ರ

ಇನ್ನು ಬರವಣಿಗೆ. ಪತ್ರ ಒಂದು ಪುಟ ಮೀರದಿರಲಿ. ಉದ್ದವಾದಷ್ಟೂ ಅನವಶ್ಯಕ ಒಪ್ಪಿಗೆಗಳು ನುಸುಳುತ್ತವೆ. ನನ್ನ ಸಹೋದ್ಯೋಗಿ ಕೊನೆಗೆ ಕಳುಹಿಸಿದ್ದು ಹೆಚ್ಚುಕಡಿಮೆ ಹೀಗಿತ್ತು, ಚುಕ್ಕೆ ಇರುವ ಕಡೆ ನಿಮ್ಮ ವಿವರಗಳನ್ನು ತುಂಬಿಕೊಳ್ಳಿ:

> ದಿನಾಂಕ: ……
>
> ಶ್ರೀ …… ಅವರಿಗೆ,
>
> ವಿಷಯ: …… ವಿಳಾಸದ ಮನೆಯ ಬಗ್ಗೆ ನೀವು ……ರಂದು ಕಳುಹಿಸಿದ ಕಮಿಷನ್ ಬೇಡಿಕೆ
>
> ಮಾನ್ಯರೇ,
>
> ಮೇಲ್ಕಂಡ ಮನೆಯನ್ನು ನೀವು ನನಗೆ ತೋರಿಸಿದ್ದೀರಿ ಮತ್ತು ಮಾಲೀಕರೊಂದಿಗಿನ ಮಾತುಕತೆಯಲ್ಲಿ ನೆರವಾಗಿದ್ದೀರಿ. ನಿಮ್ಮ ಕಮಿಷನ್ ಮಾರಾಟ ಬೆಲೆಯ ಶೇಕಡಾ 2 ಎಂದೂ ಅದನ್ನು ನೋಂದಣಿಯ ದಿನ ಕೊಡಬೇಕೆಂದೂ ……ರ ನಿಮ್ಮ ಧ್ವನಿ ಸಂದೇಶದಲ್ಲಿ ತಿಳಿಸಿದ್ದೀರಿ. ನಾನು ಒಪ್ಪಿದ್ದು ಆ ಮಾತಿಗೆ.
>
> ದಾಖಲೆಗಳ ಪರಿಶೀಲನೆಯಲ್ಲಿ, ಸಹ ಮಾಲೀಕರೊಬ್ಬರು ಮಾರಾಟಕ್ಕೆ ಒಪ್ಪಿಗೆ ನೀಡಿಲ್ಲವೆಂದು ……ರಂದು ತಿಳಿದುಬಂದಿತು. ಈ ಕಾರಣದಿಂದ ಖರೀದಿಯನ್ನು ಕೈಬಿಡಲಾಯಿತು. ಕ್ರಯದ ಕರಾರಿಗೆ ಯಾರೂ ಸಹಿ ಮಾಡಿಲ್ಲ, ನೋಂದಣಿಯೂ ಆಗಿಲ್ಲ. ಟೋಕನ್ ಹಣವನ್ನು ಮಾಲೀಕರು ……ರಂದು ನನ್ನ ಖಾತೆಗೆ ಹಿಂದಿರುಗಿಸಿದ್ದಾರೆ.
>
> ಕಮಿಷನ್ ಸಲ್ಲಬೇಕಾಗಿದ್ದ ಘಟನೆ ನಡೆಯದೇ ಇರುವುದರಿಂದ ನಿಮಗೆ ಕಮಿಷನ್ ರೂಪದಲ್ಲಿ ಪೂರ್ತಿಯಾಗಿ ಆಗಲಿ ಭಾಗಶಃ ಆಗಲಿ ನನ್ನಿಂದ ಯಾವ ಹಣವೂ ಬಾಕಿ ಇಲ್ಲ. ……ರಂದು ನಾನು ಕಳುಹಿಸಿದ ಸಂದೇಶ ನಿಮ್ಮ ಶ್ರಮವನ್ನು ಗುರುತಿಸಿ ಸೌಜನ್ಯದಿಂದ ಬರೆದದ್ದು. ಹಣ ಬಾಕಿಯಿದೆ ಎಂಬ ಒಪ್ಪಿಗೆ ಅದರಲ್ಲಿಲ್ಲ.
>
> ಈ ಮನೆಯ ಬಗ್ಗೆ ಮಾಲೀಕರೊಂದಿಗೆ ನಾನು ಈಗ ಯಾವ ಮಾತುಕತೆಯನ್ನೂ ನಡೆಸುತ್ತಿಲ್ಲ. ಮುಂದೆ ಇದೇ ಮನೆಯನ್ನು ಕೊಳ್ಳುವ ಸಂದರ್ಭ ಬಂದರೆ ನಿಮಗೆ ತಿಳಿಸುತ್ತೇನೆ.
>
> ಬೇರೆ ಯಾವುದಾದರೂ ಲಿಖಿತ ಅಥವಾ ಮೌಖಿಕ ಒಪ್ಪಂದದ ಆಧಾರದ ಮೇಲೆ ನೀವು ಹಣ ಕೇಳುತ್ತಿದ್ದರೆ ಅದರ ಪ್ರತಿಯನ್ನೋ ವಿವರವನ್ನೋ ನನಗೆ ಕಳುಹಿಸಿ. ನನ್ನ ಗುರುತಿನ ಚೀಟಿಯ ಪ್ರತಿ ನಿಮ್ಮ ಬಳಿ ಇದೆ, ದಯವಿಟ್ಟು ಹಿಂದಿರುಗಿಸಿ. ಈ ವಿಷಯದಲ್ಲಿ ಮುಂದಿನ ವ್ಯವಹಾರ ಬರಹದಲ್ಲೇ ಇರಲಿ.
>
> ಇತಿ,
> ……

ಒಂದೊಂದು ಭಾಗಕ್ಕೂ ಕೆಲಸವಿದೆ. ಮೊದಲ ಪರಿಚ್ಛೇದ ನಿಜವನ್ನು ಒಪ್ಪಿಕೊಳ್ಳುತ್ತದೆ, ಆದರೆ ಒಪ್ಪಿದ ಕೂಡಲೇ ಅದನ್ನು ಬ್ರೋಕರ್ ಅವರದೇ ಮಾತಿನ ಗೂಟಕ್ಕೆ ಕಟ್ಟುತ್ತದೆ. ಎರಡನೆಯದರಲ್ಲಿ ದಿನಾಂಕಗಳಿವೆ, ದೂರುಗಳಿಲ್ಲ. ಮಾಲೀಕರು ಮೋಸಗಾರರು, ನೀವು ಮೊದಲೇ ವಿಚಾರಿಸಬೇಕಿತ್ತು ಎಂಬ ಮಾತುಗಳು ಮನಸ್ಸಿಗೆ ಸಮಾಧಾನ ಕೊಟ್ಟಾವು, ಪತ್ರಕ್ಕೆ ಬಲ ಕೊಡವು. ಸಹ ಮಾಲೀಕರ ತಕರಾರು ಬ್ರೋಕರ್‌ಗೆ ಮೊದಲೇ ಗೊತ್ತಿದ್ದು ಮುಚ್ಚಿಟ್ಟಿದ್ದರು ಎಂಬುದಕ್ಕೆ ಕೈಯಲ್ಲಿ ಸಾಕ್ಷಿ ಇದ್ದರೆ ಮಾತ್ರ ಒಂದು ವಾಕ್ಯ ಸೇರಿಸಿ. ಬರೀ ಗುಮಾನಿಯಾದರೆ ಬೇಡ.

“ಪೂರ್ತಿಯಾಗಿ ಆಗಲಿ ಭಾಗಶಃ ಆಗಲಿ” ಎಂಬ ಮಾತನ್ನು ಬಿಡಬೇಡಿ. ಎರಡು ಪರ್ಸೆಂಟ್ ಸಿಗದೆಂದು ಗೊತ್ತಾದ ಬ್ರೋಕರ್ ಮುಂದೆ ಕೇಳುವುದು ಅರ್ಧವನ್ನು, ಆಮೇಲೆ “ನಿಮಗೆ ತೋಚಿದ್ದನ್ನು”. ಆ ಬಾಗಿಲನ್ನು ಮೊದಲ ಪತ್ರದಲ್ಲೇ ಮುಚ್ಚಿದಂತಾಗುತ್ತದೆ. ಹಳೆಯ ಎಡವಟ್ಟು ಸಂದೇಶವನ್ನು ಅಳಿಸಿಹಾಕುವ ಬದಲು ಹೀಗೆ ವಿವರಿಸಿಬಿಡುವುದೇ ಸರಿ. ಅಳಿಸಿದ ಸಂದೇಶ ಅವರ ಮೊಬೈಲಿನಲ್ಲಿ ಚಿತ್ರವಾಗಿ ಉಳಿದಿರುತ್ತದೆ, ಅಳಿಸಿದ್ದೇ ಅನುಮಾನಕ್ಕೆ ದಾರಿ.

“ಮುಂದೆ ಇದೇ ಮನೆಯನ್ನು ಕೊಂಡರೆ ತಿಳಿಸುತ್ತೇನೆ” ಎಂಬಲ್ಲಿ “ಕಮಿಷನ್ ಕೊಡುತ್ತೇನೆ” ಎಂದು ಬರೆದಿಲ್ಲ, ಗಮನಿಸಿ. ಆಗಿನ ಸಂದರ್ಭ ಹೇಗಿರುತ್ತದೋ ಈಗ ಯಾರೂ ಹೇಳಲಾರರು. ತಿಳಿಸುವ ಭರವಸೆ ಪ್ರಾಮಾಣಿಕತೆಗೆ ಸಾಕು.

ಇನ್ನೊಂದು ಸೂಕ್ಷ್ಮ. ಅಂತರ್ಜಾಲದಲ್ಲಿ ಸಿಗುವ ಮಾದರಿ ಪತ್ರಗಳ ನೆತ್ತಿಯ ಮೇಲೆ “ವಿತೌಟ್ ಪ್ರಿಜುಡಿಸ್” ಎಂದು ಇರುವುದುಂಟು, ಗಂಭೀರವಾಗಿ ಕಾಣುತ್ತದೆಂದು ಅದನ್ನು ಎಲ್ಲರೂ ನಕಲು ಮಾಡುತ್ತಾರೆ. ಆ ಗುರುತು ಇರುವುದು ರಾಜಿಯ ಮಾತುಕತೆಗೆ: ಜಗಳ ತೀರಿಸಲು ಹೇಳಿದ ಮಾತನ್ನು ನಾಳೆ ನನ್ನ ವಿರುದ್ಧ ಸಾಕ್ಷಿಯಾಗಿ ಬಳಸಬಾರದು ಎಂಬರ್ಥದಲ್ಲಿ. ಮೇಲಿನ ಪತ್ರದಲ್ಲಿ ರಾಜಿಯ ಮಾತಿಲ್ಲ. ಅದು ನಾಳೆ ನೀವೇ ಹೆಮ್ಮೆಯಿಂದ ತೆಗೆದು ತೋರಿಸಬೇಕಾದ ಪತ್ರ, ಆ ಗುರುತು ಅದಕ್ಕೆ ಬೇಡ.

ಕಳುಹಿಸುವುದು

ಬೇಡಿಕೆ ಯಾವ ದಾರಿಯಲ್ಲಿ ಬಂದಿತೋ ಆ ದಾರಿಯಲ್ಲೂ, ಜೊತೆಗೆ ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಪತ್ರವನ್ನು ಪಿಡಿಎಫ್ ಮಾಡಿ ಹಾಕುವುದರ ಜೊತೆಗೆ ಮುಖ್ಯ ಸಾಲನ್ನು ಸಂದೇಶವಾಗಿಯೂ ಬರೆಯಿರಿ, “ಕಡತ ತೆರೆಯಲಿಲ್ಲ” ಎಂಬ ನೆಪಕ್ಕೆ ಜಾಗ ಇರಬಾರದು. ಇಡೀ ಸಂಭಾಷಣೆಯನ್ನು ಧ್ವನಿ ಸಂದೇಶಗಳ ಸಮೇತ ಬೇರೆ ಕಡೆ ಉಳಿಸಿಕೊಳ್ಳಿ. ಚಿತ್ರ ತೆಗೆದಿಟ್ಟುಕೊಂಡರಷ್ಟೇ ಸಾಲದು, ಮೂಲ ಸಂದೇಶ ಇರುವ ಮೊಬೈಲೂ ಬೇಕಾಗಬಹುದು. ಹೊಸದು ಕೊಂಡ ಖುಷಿಯಲ್ಲಿ ಹಳೆಯದನ್ನು ಮಾರಿಬಿಡಬೇಡಿ. ಭಾರತದಲ್ಲಿ ಇಂಥ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿ ಇದೆ, ಅಷ್ಟು ಕಾಲವಾದರೂ ಕಾಗದಗಳು ಕೈಗೆ ಸಿಗುವಂತಿರಲಿ.

ಪತ್ರದ ನಂತರ

ಬಹುಪಾಲು ಪ್ರಕರಣಗಳಲ್ಲಿ ಮುಂದಿನದು ಚೌಕಾಸಿ. “ಕಮಿಷನ್ ಬೇಡ ಬಿಡಿ, ಓಡಾಟದ ಖರ್ಚನ್ನಾದರೂ ಕೊಡಿ” ಎಂಬ ಮಾತು ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಿಮ್ಮ ಕೋರಿಕೆಯ ಮೇಲೆ ಅವರು ದಾಖಲೆಗಳ ನಕಲು ಶುಲ್ಕ ಕಟ್ಟಿದ್ದರೆ, ಅಳತೆಯವರಿಗೆ ಕೈಯಿಂದ ಕೊಟ್ಟಿದ್ದರೆ, ಅದು ಅವರ ಹಣ, ಕಮಿಷನ್ ಅಲ್ಲ. ರಸೀತಿ ಕೇಳಿ ಕೊಟ್ಟುಬಿಡುವುದು ನ್ಯಾಯ. ಕೊಡುವಾಗ ಬ್ಯಾಂಕ್ ಮೂಲಕ ಕೊಡಿ, ಟಿಪ್ಪಣಿಯ ಜಾಗದಲ್ಲಿ “ನಕಲು ಶುಲ್ಕದ ಮರುಪಾವತಿ” ಎಂದೇ ಬರೆಯಿರಿ. ಟಿಪ್ಪಣಿಯನ್ನು ಖಾಲಿ ಬಿಟ್ಟು ಕಳುಹಿಸಿದ ಹಣ ನಾಳೆ “ಕಮಿಷನ್ನಿನ ಮೊದಲ ಕಂತು” ಎಂಬ ಹೆಸರು ಹೊತ್ತು ಎದುರಿಗೆ ನಿಲ್ಲಬಹುದು.

ಸ್ವಂತ ಇಷ್ಟದಿಂದ ಒಂದಿಷ್ಟು ಕೊಟ್ಟು ಸಂಬಂಧ ಉಳಿಸಿಕೊಳ್ಳಬೇಕೆನಿಸಿದರೆ ಅದೂ ತಪ್ಪಲ್ಲ. ಮೇಲೆ ಹೇಳಿದ “ವಿತೌಟ್ ಪ್ರಿಜುಡಿಸ್” ಗುರುತಿಗೆ ಈಗ ಕೆಲಸ ಬಂತು. ಹಣ ಕೈಬದಲಾಗುವ ಮುನ್ನ ಅವರಿಂದ ಹೀಗೆ ಬರೆಸಿಕೊಳ್ಳಿ: “…… ಮನೆಯ ವ್ಯವಹಾರಕ್ಕೆ ಸಂಬಂಧಿಸಿ ಈ ಮೊತ್ತವನ್ನು ಪಡೆದಿದ್ದೇನೆ. ಇದರಿಂದ ನನ್ನ ಎಲ್ಲ ಬೇಡಿಕೆಗಳೂ ಇತ್ಯರ್ಥವಾಗಿವೆ. ಮುಂದೆ ಯಾವ ಹಣವನ್ನೂ ಕೇಳುವುದಿಲ್ಲ.” ಬರೆದುಕೊಡಲು ಹಿಂಜರಿಯುವವರಿಗೆ ಹಣ ಕೊಡಲು ನೀವೂ ಹಿಂಜರಿಯಬಹುದು.

ಕೆಲವರು ಕಚೇರಿಗೆ ಬರುತ್ತಾರೆ, ಮನೆಯ ಹಿರಿಯರಿಗೆ ಕರೆ ಮಾಡುತ್ತಾರೆ, ನಿಮ್ಮ ಹೆಸರು ಕೆಡಿಸುತ್ತೇನೆ ಎನ್ನುತ್ತಾರೆ. ಮಾತಿಗೆ ಮಾತು ಬೆಳೆಸದೆ ಒಂದೇ ಉತ್ತರ ಬರೆಯಿರಿ: “ನನ್ನ ಉತ್ತರ ……ರ ಪತ್ರದಲ್ಲಿದೆ. ದಯವಿಟ್ಟು ಮನೆಗೆ, ಕಚೇರಿಗೆ ಬರಬೇಡಿ.” ಮನೆಯವರಿಗೂ ಹೇಳಿಕೊಟ್ಟಿರಿ, “ಕೊಡಿಸುತ್ತೇವೆ ಬಿಡಿ” ಎಂದು ತಂದೆಯವರೋ ಅತ್ತೆಯವರೋ ಮರ್ಯಾದೆಗೆ ಅಂಜಿ ಹೇಳಿಬಿಡುವುದುಂಟು. ಮಾತು ಬೆದರಿಕೆಗೆ ತಿರುಗಿದರೆ ದಿನ, ಸಮಯ, ಆಡಿದ ಪದಗಳನ್ನು ಬರೆದಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಬಹುದು. ಕಮಿಷನ್ ಸಲ್ಲಬೇಕೋ ಬೇಡವೋ ಎಂಬುದನ್ನು ಮಾತ್ರ ಠಾಣೆಯಲ್ಲಿ ತೀರ್ಮಾನಿಸಲು ಹೋಗಬೇಡಿ, ಅದು ಸಿವಿಲ್ ವಿಷಯ. ಅಲ್ಲಿ ಕೂರಿಸಿ ರಾಜಿ ಬರೆಸಲು ಯಾರಾದರೂ ಹೊರಟರೆ ವಕೀಲರನ್ನು ಕೇಳದೆ ಸಹಿ ಮಾಡಬೇಡಿ.

ವಕೀಲರ ನೋಟಿಸ್ ಬಂದರೆ ಗಾಬರಿಯಾಗುವಂಥದ್ದೇನಿಲ್ಲ, ಅದು ನ್ಯಾಯಾಲಯದ ಆದೇಶವಲ್ಲ. ಉತ್ತರಿಸದೆ ಬಿಟ್ಟ ಮಾತ್ರಕ್ಕೆ ಸಾಲ ಸಾಬೀತಾಗುವುದೂ ಇಲ್ಲ. ಆದರೆ ಹೇಳಲು ಏನಾದರೂ ಇದ್ದಿದ್ದರೆ ಆಗಲೇ ಹೇಳುತ್ತಿರಲಿಲ್ಲವೇ ಎಂಬ ಪ್ರಶ್ನೆ ಮುಂದೆ ಏಳುತ್ತದೆ. ಅದರಲ್ಲಿ ಕೊಟ್ಟ ಗಡುವಿನೊಳಗೆ ವಕೀಲರ ಮೂಲಕವೇ ಉತ್ತರ ಕೊಡಿಸಿ, ನೀವು ಬರೆದ ಪತ್ರವನ್ನು ಅವರ ಕೈಗೆ ಕೊಡಿ. ಈ ಹಂತದಲ್ಲಿ ಬ್ರೋಕರ್ ಕಡೆಯವರು ಕರಾರು ಕಾಯ್ದೆಯ 70ನೆಯ ಸೆಕ್ಷನ್ನನ್ನು ಎತ್ತಬಹುದು: ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಪರಿಹಾರ ಕೊಡಬೇಕೆಂಬ ನಿಯಮ ಅದು. ಅದರ ತಿರುಳು ಲಾಭ ಪಡೆಯುವುದು. ಕೈಗೆ ಬಾರದ ಮನೆಯಿಂದ ನೀವು ಪಡೆದ ಲಾಭ ಯಾವುದು ಎಂಬುದಕ್ಕೆ ಉತ್ತರ ಹೇಳಬೇಕಾದವರು ಅವರು.

ಪರಿಸ್ಥಿತಿ ನಿಜವಾಗಿ ಬಿಗಿಯಾಗುವುದು ಕಮಿಷನ್ನಿಗೆಂದು ಮುಂಚೆಯೇ ಚೆಕ್ ಕೊಟ್ಟಿದ್ದರೆ. ಅದನ್ನು ಬ್ಯಾಂಕಿಗೆ ಹಾಕುವ ಮುನ್ನ ಬರಹದಲ್ಲಿ ವಾಪಸು ಕೇಳಿ, ಮೇಲಿನ ಪತ್ರದ ಪ್ರತಿಯನ್ನು ಲಗತ್ತಿಸಿ. ಪಾವತಿ ತಡೆಯುವಂತೆ ಬ್ಯಾಂಕಿಗೆ ಹೇಳಬಹುದು, ಆದರೆ ಹಾಗೆ ತಡೆದ ಚೆಕ್ ಹಿಂದಿರುಗಿದಾಗಲೂ ಚೆಕ್ ಬೌನ್ಸ್ ನೋಟಿಸ್ ಬರಬಹುದು. ಅಂಥ ನೋಟಿಸ್ ಕೈಸೇರಿದ ಮೇಲೆ ಇರುವುದು 15 ದಿನ. ಮಾದರಿ ಪತ್ರದ ಭರವಸೆಯಲ್ಲಿ ಆ ದಿನಗಳನ್ನು ಕಳೆಯಬೇಡಿ, ಮೊದಲ ದಿನವೇ ವಕೀಲರ ಬಳಿ ಹೋಗಿ.

ನನ್ನ ಸಹೋದ್ಯೋಗಿಯ ಪ್ರಕರಣ ಅಲ್ಲಿಯವರೆಗೆ ಹೋಗಲಿಲ್ಲ. ಪತ್ರ ತಲುಪಿದ ಮರುದಿನ ಬ್ರೋಕರ್ ಸಿಟ್ಟಿನಿಂದ ಮೂರು ಧ್ವನಿ ಸಂದೇಶ ಕಳುಹಿಸಿದರು, ನಾಲ್ಕನೆಯದರಲ್ಲಿ ನಕಲು ಶುಲ್ಕದ ರಸೀತಿ ಇತ್ತು. ಆ ಹಣ ಅಂದೇ ಹೋಯಿತು. ಐದು ತಿಂಗಳ ನಂತರ ಅದೇ ಬ್ರೋಕರ್ ಮತ್ತೆ ಕರೆ ಮಾಡಿದರು: ಆ ಮನೆಯ ನಾಲ್ಕನೆಯ ವಾರಸುದಾರರು ಒಪ್ಪಿದ್ದಾರೆ, ಬೇಕೇ? ಇವರಿಗೆ ಬೇಕಾಗಿತ್ತು. ನೋಡಲು ಹೋಗುವ ಮೊದಲು ಇವರೇ ಒಂದು ಸಂದೇಶ ಬರೆದರು: “ಕಮಿಷನ್ ಶೇಕಡಾ 2. ಕ್ರಯಪತ್ರ ನೋಂದಣಿಯಾದ ದಿನ ಕೊಡುತ್ತೇನೆ. ನೋಂದಣಿ ಯಾವ ಕಾರಣಕ್ಕೆ ಆಗದಿದ್ದರೂ ಕಮಿಷನ್ ಇಲ್ಲ. ಒಪ್ಪಿಗೆಯಿದ್ದರೆ ಇದಕ್ಕೇ ಉತ್ತರಿಸಿ.” ಹತ್ತು ನಿಮಿಷ ಬಿಟ್ಟು ಉತ್ತರ ಬಂತು: “ಒಪ್ಪಿಗೆ ಮೇಡಂ.”